‘ವ’ ಅಕ್ಷರ ಬಂದಿದೆ, ಮಗು ಜರ್ಮನಿಯಲ್ಲಿದೆ: ಹೆಸರಿನ ಪಟ್ಟಿಯನ್ನು ನಾವು ಇಳಿಸಿದ ಬಗೆ

ಹೋದ ವರ್ಷ ಬೇಸಿಗೆಯಲ್ಲಿ ನನ್ನ ತಂಗಿಗೆ ಸ್ಟುಟ್‌ಗಾರ್ಟಿನಲ್ಲಿ ಹೆಣ್ಣುಮಗು ಹುಟ್ಟಿತು. ರೋಹಿಣಿ ನಕ್ಷತ್ರ, ಎರಡನೇ ಪಾದ. ಸಾಗರದಲ್ಲಿರುವ ಅವಳ ಅತ್ತೆ ಫೋನ್ ಮಾಡಿ ಒಂದೇ ಮಾತು ಹೇಳಿದರು, "ಹೆಸರು ‘ವ’ದಿಂದ ಶುರುವಾಗಲಿ, ಬೇರೆ ಏನೂ ಕೇಳಲ್ಲ ನಾನು." ತಂಗಿಯದೂ ಒಂದೇ ಆಸೆ. ನಾಳೆ ಮಗು ಅಲ್ಲಿನ ಶಿಶುವಿಹಾರಕ್ಕೆ ಹೋದಾಗ ಟೀಚರ್ ಕೂಗಿದರೆ, ಅದು ತನ್ನ ಹೆಸರೇ ಅಂತ ಮಗುವಿಗೆ ಗೊತ್ತಾಗಬೇಕು.

ಈ ಎರಡು ಆಸೆಯ ನಡುವೆ ಹದಿನಾಲ್ಕು ಹೆಸರು ಇಟ್ಟುಕೊಂಡು ಹತ್ತಿರ ಹತ್ತಿರ ಎರಡು ವಾರ ಕೂತೆವು. ನಿಮಗೆ ಬಂದಿರುವ ಅಕ್ಷರ ಬೇರೆ ಇರಬಹುದು, ದೇಶವೂ ಬೇರೆ ಇರಬಹುದು, ಆದರೆ ಹೆಸರನ್ನು ತೂಗಿ ನೋಡುವ ಕ್ರಮ ಇದೇ ಸಾಕಾಗುತ್ತದೆ ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ಅಕ್ಷರ ಸರಿಯಾ ನೋಡಿ

ಹೆಸರು ಹುಡುಕುವ ಮುಂಚೆ ಅಕ್ಷರವನ್ನೇ ಒಂದು ಸಲ ಪರೀಕ್ಷೆ ಮಾಡಿ. ನಮ್ಮ ಮನೆಯಲ್ಲಿ ಮೊದಲು ಬಂದಿದ್ದು ‘ವ’ ಅಲ್ಲ, ‘ಒ’.

ಆಗಿದ್ದು ಇಷ್ಟೇ. ಮಗು ಹುಟ್ಟಿದ್ದು ಅಲ್ಲಿನ ಗಡಿಯಾರದಲ್ಲಿ ಸಂಜೆ 7:40ಕ್ಕೆ. ಮನೆಯ ಹಿರಿಯರೊಬ್ಬರು ಇಲ್ಲಿನ ಪಂಚಾಂಗ ತೆಗೆದು 7:40ಕ್ಕೆ ಯಾವ ಪಾದ ಅಂತ ನೋಡಿಬಿಟ್ಟರು. ಆ ದಿನ ರೋಹಿಣಿ ಶುರುವಾಗಿದ್ದು ನಮ್ಮ ಸಮಯ ಮಧ್ಯಾಹ್ನ 3ರ ಹೊತ್ತಿಗೆ. ಚಂದ್ರ ಒಂದು ನಕ್ಷತ್ರ ದಾಟೋಕೆ ಸುಮಾರು ಒಂದು ದಿನ ಬೇಕು, ಒಂದು ನಕ್ಷತ್ರಕ್ಕೆ ನಾಲ್ಕು ಪಾದ, ಹಾಗಾಗಿ ಒಂದು ಪಾದಕ್ಕೆ ಸುಮಾರು 6 ಗಂಟೆ. 3ರಿಂದ 9ರ ತನಕ ಮೊದಲ ಪಾದ, ಅದಕ್ಕೆ ‘ಒ’. ಹಾಗೆ ನೋಡಿದರೆ 7:40 ಅಂದರೆ ‘ಒ’ ಅನ್ನೋದು ಸರಿಯೇ. ಆದರೆ ಜರ್ಮನಿಯ ಸಂಜೆ 7:40 ಅಂದರೆ ನಮಗೆ ರಾತ್ರಿ 11:10. ಬೇಸಿಗೆಯಲ್ಲಿ ಅವರಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. 11:10 ಅಂದರೆ ಎರಡನೇ ಪಾದ, ‘ವ’.

ಚಂದ್ರ ಯಾವ ನಕ್ಷತ್ರದಲ್ಲಿದ್ದಾನೆ ಅನ್ನೋದು ಊರಿಂದ ಊರಿಗೆ ಬದಲಾಗಲ್ಲ. ಲಗ್ನ ಬದಲಾಗುತ್ತದೆ, ನಕ್ಷತ್ರ ಅಲ್ಲ. ಅದಕ್ಕೇ ಹುಟ್ಟಿದ ಸಮಯವನ್ನು ಭಾರತದ ಸಮಯಕ್ಕೆ ಬದಲಾಯಿಸಿ, ಆಮೇಲೆ ಇಲ್ಲಿನ ಪಂಚಾಂಗ ನೋಡಿದರೆ ಸಾಕು. ಹಾಗೆ ಮಾಡುವಾಗ ತಾರೀಕೂ ಮುಂದಕ್ಕೆ ಹೋಗಬಹುದು, ಗಮನ ಇರಲಿ. ಪಾದದ ಅಂಚಿನಲ್ಲಿ ಹುಟ್ಟಿದ ಮಗುವಾದರೆ ಗ್ರಹಗಳು ಆಕಾಶದಲ್ಲಿ ಕಾಣುವ ಜಾಗಕ್ಕೆ ಹೊಂದಿಸಿ ಲೆಕ್ಕ ಹಾಕುವ ದೃಗ್ಗಣಿತದ ಪಂಚಾಂಗಕ್ಕೂ ಹಳೆಯ ಪದ್ಧತಿಯ ಪಂಚಾಂಗಕ್ಕೂ ಸ್ವಲ್ಪ ಹೊತ್ತಿನ ವ್ಯತ್ಯಾಸ ಬಂದು ಅಕ್ಷರವೇ ಬೇರೆಯಾಗಬಹುದು. ಆಗ ನಿಮ್ಮ ಮನೆಯಲ್ಲಿ ಯಾವ ಪಂಚಾಂಗ ನಡೆಯುತ್ತದೋ ಅದನ್ನೇ ಹಿಡಿಯಿರಿ. ಎರಡನ್ನೂ ಹಿಡಿದರೆ ಜಗಳ ಮುಗಿಯಲ್ಲ.

ಇನ್ನೊಂದು. ‘ವ’ ಬಂದರೆ ‘ವಾ’ ಆಗುತ್ತಾ ಅಂತ ಕೆಲವರು ಕೇಳುತ್ತಾರೆ. ಯಾವ ಪಾದಕ್ಕೆ ಯಾವ ಅಕ್ಷರ ಅಂತ ಹೇಳುವ ಅವಕಹಡ ಚಕ್ರದಲ್ಲಿ ರೋಹಿಣಿಗೆ ಎಷ್ಟೋ ಕಡೆ ‘ಓ ವಾ ವೀ ವೂ’ ಅಂತ ದೀರ್ಘವಾಗಿಯೇ ಅಚ್ಚಾಗಿರುತ್ತದೆ. ಹ್ರಸ್ವ ದೀರ್ಘ ಎರಡೂ ನಡೆಯುತ್ತದೆ ಅಂತ ನಮ್ಮ ಪುರೋಹಿತರೂ ಹೇಳಿದರು. ಈ ಒಂದು ಪ್ರಶ್ನೆ ಕೇಳಿದ್ದಕ್ಕೇ ನಮ್ಮ ಪಟ್ಟಿ ಎಷ್ಟೋ ಬೆಳೆಯಿತು. ನೀವೂ ಕೇಳಿ.

ಮೂರು ದಾರಿ ಇದೆ

ಒಂದನೆಯದು, ಅಕ್ಷರಕ್ಕೆ ಹೊಂದುವ ಹೆಸರನ್ನೇ ಎಲ್ಲ ಕಡೆಯೂ ಇಡೋದು. ಎರಡನೆಯದು, ಅಕ್ಷರದ ಹೆಸರನ್ನು ನಾಮಕರಣದ ದಿನ ಅಕ್ಕಿಯ ಮೇಲೆ ಬರೆದು ಕಿವಿಯಲ್ಲಿ ಹೇಳಿ, ಕಾಗದದಲ್ಲಿ ಬೇರೆ ಹೆಸರು ಇಡೋದು. ನಕ್ಷತ್ರನಾಮ, ಮಾಸನಾಮ, ವ್ಯಾವಹಾರಿಕ ನಾಮ ಅಂತ ನಮ್ಮಲ್ಲಿ ಮೊದಲಿಂದಲೂ ಬೇರೆ ಬೇರೆ ಹೆಸರು ಬರೆಯುತ್ತಾರೆ ಅಲ್ವಾ, ಹಾಗಾಗಿ ಇದರಲ್ಲಿ ಸಂಪ್ರದಾಯ ತಪ್ಪಿದ ಹಾಗೇನೂ ಆಗಲ್ಲ. ಮೂರನೆಯದು, ಜನನ ಪತ್ರದಲ್ಲೇ ಎರಡು ಹೆಸರು ಹಾಕಿಸೋದು.

ನನಗೆ ಕೇಳಿದರೆ, ಯಾವ ದಾರಿ ಅನ್ನೋದನ್ನು ಅಕ್ಷರವೇ ಹೇಳುತ್ತದೆ. ಹಸ್ತಾ ನಕ್ಷತ್ರದ ‘ಣ’, ‘ಠ’, ಆರಿದ್ರಾದ ‘ಙ’, ‘ಛ’ ಬಂದರೆ ಸುಮ್ನೆ ತಲೆ ಕೆಡಿಸಿಕೊಳ್ಳದೆ ಎರಡನೇ ದಾರಿ ಹಿಡಿಯಿರಿ. ‘ಣ’ದಿಂದ ಶುರುವಾಗುವ ಹೆಸರು ಕನ್ನಡದಲ್ಲೇ ಇಲ್ಲ, ಇನ್ನು ಹೊರಗಿನವರ ಮಾತೇನು. ‘ವ’, ‘ಮ’, ‘ನ’, ‘ರ’, ‘ಲ’ ಥರದ ಅಕ್ಷರಕ್ಕೆ ಮೊದಲ ದಾರಿಯಲ್ಲೇ ಚೆನ್ನಾಗಿರುವ ಹೆಸರು ಸಿಗುತ್ತದೆ. ಮೂರನೇ ದಾರಿಯನ್ನು ನಾನು ಕೊನೆಗೆ ಇಡುತ್ತೇನೆ. ಪಾಸ್‌ಪೋರ್ಟಿನಲ್ಲಿ ಎರಡೂ ಹೆಸರು ಬರುತ್ತದೆ, ಟಿಕೆಟ್ಟಿನಲ್ಲಿ ಒಂದೇ ಹಾಕಿರುತ್ತೀರಿ, ಶಾಲೆಯಲ್ಲಿ ಇನ್ನೊಂದು ಕೊಟ್ಟಿರುತ್ತೀರಿ, ಪ್ರತಿ ಸಲವೂ ಎರಡೂ ಒಂದೇ ಮಗು ಅಂತ ತೋರಿಸುತ್ತಾ ಕೂರಬೇಕು.

ಹದಿನಾಲ್ಕು ಹೆಸರು

ವರ್ಷಾ, ವನಜಾ, ವಾರಿಜಾ, ವಚನಾ, ವಸುಧಾ, ವಸುಂಧರಾ, ವನ್ಯಾ, ವನಿತಾ, ವಲ್ಲರಿ, ವಾಗ್ದೇವಿ, ವಾರುಣಿ, ವಂದನಾ, ವರದಾ, ವಾಣಿ. ಎಲ್ಲವೂ ನಮಗೆ ಇಷ್ಟವಾದವೇ.

‘ವ’ ಬಗ್ಗೆಯೇ ಮೊದಲು ಭಯ ಇತ್ತು. ಜರ್ಮನ್‌ನಲ್ಲಿ ಇಂಗ್ಲಿಷಿನ ವಿ ಅಕ್ಷರವನ್ನು ಎಷ್ಟೋ ಪದಗಳಲ್ಲಿ ‘ಫ’ ಅಂತ ಓದುತ್ತಾರೆ. ಅಪ್ಪ ಅನ್ನೋಕೆ ಅವರ ಪದ ‘ಫಾಟರ್’, ಬರೆಯೋದು ವಿ ಇಂದ. ಆದರೆ ಹೊರಗಿಂದ ಬಂದ ಹೆಸರುಗಳಿಗೆ, ಅಂದರೆ ವನೆಸಾ, ವೇರಾ, ವಿಕ್ಟರ್ ಥರದವಕ್ಕೆ, ‘ವ’ ಅಂತಲೇ ಹೇಳುತ್ತಾರೆ. ನಮ್ಮ ಹೆಸರೂ ಆ ಗುಂಪಿಗೆ ಸೇರಿಕೊಳ್ಳುತ್ತದೆ. ಡಬ್ಲ್ಯು ಹಾಕಿ Wani ಅಂತ ಬರೆದರೆ ಜರ್ಮನ್ನರು ತಪ್ಪೇ ಮಾಡಲ್ಲ, ನಿಜ. ಆದರೆ ಭಾರತದಲ್ಲಿ ಅದನ್ನು ನೋಡಿದವರೆಲ್ಲ ಯಾಕೆ ಹೀಗೆ ಅಂತ ಕೇಳುತ್ತಾರೆ. ವಿ ಸಾಕು.

ಮೊದಲ ಸುತ್ತಿನಲ್ಲಿ ಹೋದವು ಅಕ್ಷರವೇ ಬೇರೆ ಉಚ್ಚಾರ ಪಡೆಯುವ ಹೆಸರುಗಳು. ಜರ್ಮನ್‌ನಲ್ಲಿ ಜೆ ಅಂದರೆ ‘ಯ’. ವನಜಾ ಬರೆದರೆ ‘ವನಾಯಾ’, ವಾರಿಜಾ ಬರೆದರೆ ‘ವರೀಯಾ’. ವಚನಾ ನನಗೆ ತುಂಬಾ ಹಿಡಿಸಿದ ಹೆಸರು. ಆದರೆ ‘ಅ’ ಆದಮೇಲೆ ಬರುವ ಸಿಎಚ್ ಅವರಿಗೆ ಗಂಟಲಿಂದ ಬರುವ ‘ಖ’ ಆಗುತ್ತದೆ, ವಚನಾ ‘ವಖಾನಾ’ ಆಗಿಬಿಡುತ್ತದೆ. ಎರಡು ಸ್ವರದ ನಡುವಿನ ಎಸ್ ‘ಝ’ ಥರ ಕೇಳುತ್ತದೆ, ಹಾಗಾಗಿ ವಸುಧಾ ‘ವಝೂಡಾ’. ವಸುಂಧರಾಕ್ಕೂ ಇದೇ ಕಷ್ಟ, ಜೊತೆಗೆ ಉದ್ದ ಬೇರೆ. ವಾಗ್ದೇವಿಯ ‘ಗ್’ ಅವರ ಬಾಯಲ್ಲಿ ‘ಕ್’ ಆಗುತ್ತದೆ.

ಇದೇ ಮಗು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹುಟ್ಟಿದ್ದರೆ ಈ ಹೆಸರುಗಳಲ್ಲಿ ಎಷ್ಟೋ ಪಟ್ಟಿಯಲ್ಲೇ ಉಳಿಯುತ್ತಿದ್ದವು. ಇಂಗ್ಲಿಷ್ ಮಾತಾಡುವವರಿಗೆ ‘ಜ’, ‘ಚ’ ಎರಡೂ ಸಲೀಸು. ಹಾಗಾಗಿ "ಫಾರಿನ್‌ನಲ್ಲಿ ಸುಲಭ" ಅಂತ ಬರೆದಿರುವ ಪಟ್ಟಿಗಳನ್ನು ಹಾಗೇ ನಂಬಬೇಡಿ, ಯಾವ ಭಾಷೆಯ ಊರು ಅಂತ ಕೇಳಿಕೊಂಡು ನೋಡಿ.

ಎರಡನೇ ಸುತ್ತು ಅರ್ಥದ್ದು. ವರ್ಷಾ ಹೆಸರನ್ನು ಜರ್ಮನ್ ಕಿವಿಯಲ್ಲಿ ಕೇಳಿದರೆ ನಡುವೆ ‘ಆರ್ಶ್’ ಅಂತ ಬರುತ್ತದೆ. ಅದು ಹಿಂಭಾಗಕ್ಕೆ ಅಲ್ಲಿ ಬಳಸುವ ಬೈಗುಳ. ಚಿಕ್ಕ ಮಕ್ಕಳಿಗೆ ಹತ್ತು ವರ್ಷದ ಹೊತ್ತಿಗೆ ಇಂಥ ಪದ ಹುಡುಕೋದೇ ಆಟ ಅಲ್ವಾ. ಮಳೆಯ ಹೆಸರು, ಎಷ್ಟು ಚೆಂದ, ಆದರೂ ತಂಗಿ ಬೇಡ ಅಂದಳು. ಹರ್ಷ ಅಂತ ಇಡಬೇಕು ಅಂದುಕೊಂಡವರೂ ಇದನ್ನು ಯೋಚನೆ ಮಾಡಿ. ವನಿತಾ ಕೇಳೋಕೆ ಅವರ ಅನಿತಾ ಥರ ಇದೆ, ಬಾಯಿಗೆ ಚೆನ್ನಾಗಿ ಕೂರುತ್ತದೆ. ಆದರೆ ಇಟಾಲಿಯನ್‌ನಲ್ಲಿ ‘ವನಿತಾ’ ಅಂದರೆ ಒಣಜಂಭ, ಇಂಗ್ಲಿಷಿನಲ್ಲೂ ಅದೇ ಅರ್ಥದ ಪದ ಹತ್ತಿರದಲ್ಲೇ ಇದೆ. ವನ್ಯಾ ರಷ್ಯಾದವರಿಗೆ ಇವಾನ್ ಅನ್ನುವ ಗಂಡಸಿನ ಮುದ್ದಿನ ಹೆಸರು. ಜರ್ಮನಿಯಲ್ಲೂ ಗಂಡುಮಕ್ಕಳಿಗೆ ಇಡುತ್ತಾರೆ. ವಲ್ಲರಿ ಹೇಳಿದರೆ ಎಲ್ಲರೂ ವ್ಯಾಲೆರಿ ಅಂತ ಬರೆದುಕೊಳ್ಳುತ್ತಾರೆ.

ಹೆಣ್ಣೋ ಗಂಡೋ ಗೊತ್ತಾಗದ ಹೆಸರನ್ನು ಜರ್ಮನಿಯಲ್ಲಿ ಒಪ್ಪಲ್ಲ ಅಂತ ಈಗಲೂ ಕೆಲವರು ಹೇಳುತ್ತಾರೆ. ಅದು ಹಳೇ ಮಾತು. ಅದನ್ನು ಬದಲಾಯಿಸಿದ್ದೇ ಒಂದು ಭಾರತೀಯ ಹೆಸರು. ಅಲ್ಲಿನ ಒಂದು ದಂಪತಿ ಮಗಳಿಗೆ ಕಿರಣ್ ಅಂತ ಇಡೋಕೆ ಹೋದಾಗ ಅಧಿಕಾರಿಗಳು ಒಪ್ಪಲಿಲ್ಲ. ವಿಷಯ ಸಂವಿಧಾನ ನ್ಯಾಯಾಲಯದ ತನಕ ಹೋಯಿತು. 2008ರಲ್ಲಿ ಆ ಹೆಸರನ್ನು ಇಡಬಹುದು ಅಂತ ತೀರ್ಪು ಬಂತು. ಆದ್ದರಿಂದ ವನ್ಯಾಳನ್ನು ಕಾನೂನು ತಡೆಯುತ್ತಿರಲಿಲ್ಲ. ಬರುವ ಪತ್ರಗಳೆಲ್ಲ ‘ಶ್ರೀಯುತ’ ಅಂತ ಬರೋದು ಬೇಡ ಅನ್ನಿಸಿತು, ಅಷ್ಟೇ.

ಉಳಿದವು ನಾಲ್ಕು. ವಾರುಣಿ, ವಂದನಾ, ವರದಾ, ವಾಣಿ.

ಹೆಸರು ಎಲ್ಲಿ ಕೆಡುತ್ತದೆ

ಇಲ್ಲಿ ತನಕ ನಾವು ಅಕ್ಷರ ಅಕ್ಷರ ನೋಡುತ್ತಿದ್ದೆವು. ‘ಣ’ ಹೋಗಿ ‘ನ’ ಆಗುತ್ತದೆ, ‘ದ’ ಹೋಗಿ ‘ಡ’ ಆಗುತ್ತದೆ ಅಂತೆಲ್ಲ. ಆದರೆ ಹೆಸರು ಗುರುತೇ ಸಿಗದ ಹಾಗೆ ಕೆಡೋದು ಅಲ್ಲಲ್ಲ. ಎಲ್ಲಿ ಎಳೆಯುತ್ತಾರೆ ಅನ್ನೋದರಲ್ಲಿ. ಇದನ್ನು ನಮಗೆ ತೋರಿಸಿಕೊಟ್ಟಿದ್ದು ಒಂದು ಸಣ್ಣ ಪರೀಕ್ಷೆ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಉಳಿದ ಎಲ್ಲದಕ್ಕಿಂತ ನಮಗೆ ಉಪಯೋಗ ಆಗಿದ್ದು ಅದೇ.

ನಾಲ್ಕು ಹೆಸರನ್ನು ನಾಲ್ಕು ಚೀಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದೆವು. ತಂಗಿ ಮೂರು ಜನರಿಗೆ ತೋರಿಸಿದಳು. ಬಾಣಂತಿಯನ್ನು ನೋಡೋಕೆ ಮನೆಗೆ ಬರುತ್ತಿದ್ದ ಮಿಡ್‌ವೈಫ್, ಎದುರು ಮನೆಯ ಅಜ್ಜಿ, ಭಾವನ ಜೊತೆ ಕೆಲಸ ಮಾಡುವ ಒಬ್ಬರು. ಒಂದು ನಿಯಮ ಇಟ್ಟುಕೊಂಡೆವು, ನಾವು ಮೊದಲು ಹೇಳಿ ತೋರಿಸುವ ಹಾಗಿಲ್ಲ. ಹೇಳಿಬಿಟ್ಟರೆ ಪಾಪ, ಅವರು ಚೆನ್ನಾಗಿಯೇ ಅನುಕರಿಸುತ್ತಾರೆ, ನಮಗೆ ಏನೂ ಗೊತ್ತಾಗಲ್ಲ. ಅವರು ಓದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸಾಗರಕ್ಕೆ ಅತ್ತೆಗೆ ಕಳಿಸಿದಳು. ಪಟ್ಟಿ ಹೇಳಲಿಲ್ಲ. "ಇದು ಯಾವ ಹೆಸರು ಅನ್ನಿಸುತ್ತದೆ ಹೇಳಿ" ಅಂದಳು.

ಅತ್ತೆಗೆ ಮನಸ್ಸಿನಲ್ಲಿ ಇದ್ದಿದ್ದು ವರದಾ. ವರದಾ ನದಿ ಹುಟ್ಟೋದು ಅವರ ತಾಲ್ಲೂಕಿನಲ್ಲೇ, ಇಕ್ಕೇರಿ ಹತ್ತಿರದ ವರದಾಮೂಲದಲ್ಲಿ. ಆ ಮೂರು ರೆಕಾರ್ಡಿಂಗ್‌ನಲ್ಲಿ ವರದಾ ಬಂದಾಗ ಅವರು ಕೇಳಿದ್ದು, "ವರಾಡಾನಾ? ಇದೆಂಥ ಹೆಸರೇ?"

ಜರ್ಮನ್ನರು ಗೊತ್ತಿಲ್ಲದ ಮೂರಕ್ಷರದ ಹೆಸರು ಕಂಡರೆ ಸಾಮಾನ್ಯವಾಗಿ ಕೊನೆಯಿಂದ ಎರಡನೆಯದನ್ನು ಒತ್ತಿ ಎಳೆಯುತ್ತಾರೆ. ಅವರದೇ ಹೆಸರು ಹಾಗಿವೆ, ಅನೀಟಾ, ಸಬೀನಾ, ವನೆಸಾ. ಹಾಗಾಗಿ ವರದಾ ‘ವರಾಡಾ’, ವಂದನಾ ‘ವಂಡಾನಾ’, ವಾರುಣಿ ‘ವರೂನಿ’. ತಲೆಗೆ ಕಟ್ಟುವ ಬಂಡಾನಾ ಬಟ್ಟೆ ಇದೆಯಲ್ಲ, ವಂದನಾ ಅದರ ಪ್ರಾಸದಲ್ಲಿ ಸೇರಿಕೊಂಡಳು. ಕನ್ನಡದಲ್ಲಿ ನಾವು ಮೊದಲ ಅಕ್ಷರದ ಮೇಲೆ ನಿಂತು ಹೆಸರು ಹೇಳುತ್ತೇವೆ. ಅವರು ನಡುವೆ ಹೋಗಿ ನಿಲ್ಲುತ್ತಾರೆ. ‘ದ’ ಹೋಗಿ ‘ಡ’ ಆದರೂ ವರದಾ ಅಂತ ಗೊತ್ತಾಗುತ್ತಿತ್ತು. ‘ರ’ ಎಳೆದಿದ್ದಕ್ಕೆ ಗೊತ್ತಾಗಲಿಲ್ಲ.

ವಾಣಿ ಬಂದಾಗ ಮೂವರೂ ‘ವಾನಿ’ ಅಂದರು. ಅತ್ತೆ ತಕ್ಷಣ, "ಓ, ವಾಣಿ!" ಅಂದರು.

ಕಾರಣ ಸರಳ. ಎರಡೇ ಅಕ್ಷರದ ಹೆಸರಿನಲ್ಲಿ ಕೊನೆಯಿಂದ ಎರಡನೆಯದೂ ಮೊದಲನೆಯದೂ ಒಂದೇ. ಒತ್ತು ಬೇರೆ ಕಡೆ ಹೋಗೋಕೆ ಜಾಗವೇ ಇಲ್ಲ. ಇನ್ನೊಂದು ಅನುಕೂಲ, ಜರ್ಮನ್ ಬರಹದಲ್ಲಿ ಸ್ವರ ಆದಮೇಲೆ ಒಂದೇ ವ್ಯಂಜನ ಇದ್ದರೆ ಸಾಮಾನ್ಯವಾಗಿ ಆ ಸ್ವರ ದೀರ್ಘ, ಎರಡಿದ್ದರೆ ಹ್ರಸ್ವ. Vani ಅಂತ ಬರೆದರೆ ಅವರು ತಾವಾಗಿಯೇ ‘ವಾ’ ಅಂತ ಎಳೆಯುತ್ತಾರೆ, ನಮಗೆ ಬೇಕಾಗಿದ್ದೂ ಅದೇ. ‘ಣ’ ಹೋಯಿತು, ಹೌದು. ಅದು ಕನ್ನಡದ ಮನೆಯಲ್ಲಿ ಸಿಗುತ್ತದೆ.

ಆದ್ದರಿಂದ ನಿಮ್ಮ ಅಕ್ಷರ ಯಾವುದೇ ಇರಲಿ, ಎರಡಕ್ಷರದ, ಮೊದಲನೆಯದು ದೀರ್ಘ ಇರುವ ಹೆಸರುಗಳನ್ನು ಪಟ್ಟಿಯ ಮೇಲೆ ಇಡಿ. ‘ಮ’ಕ್ಕೆ ಮಾಯಾ, ‘ರ’ಕ್ಕೆ ರಾಧಾ, ‘ನಿ’ಗೆ ನೀಲಾ, ‘ಲಿ’ಗೆ ಲೀಲಾ. ಮೂರಕ್ಷರದ್ದೇ ಬೇಕು ಅಂದರೆ ನಡುವಿನ ಅಕ್ಷರ ಕನ್ನಡದಲ್ಲೂ ದೀರ್ಘ ಇರುವಂಥದ್ದು ಹುಡುಕಿ, ಮಾಲಿನಿಗೆ ಹೋಗದೆ ನವೀನಾ, ಕವೀಶಾ ಥರದ ಹೆಸರು. ಅವರು ಎಳೆಯುವ ಕಡೆಯೇ ನಾವೂ ಎಳೆದಿರುತ್ತೇವೆ.

ಪರೀಕ್ಷೆಯ ಇನ್ನೊಂದು ಅರ್ಧ ಮರೆಯಬೇಡಿ. ಹೆಸರನ್ನು ಬಾಯಲ್ಲಿ ಹೇಳಿ, ಅವರ ಕೈಯಲ್ಲಿ ಬರೆಸಿ. ಡಾಕ್ಟರ್ ಹತ್ತಿರ ಫೋನಿನಲ್ಲಿ ಸಮಯ ಕೇಳುವಾಗ ಆಗೋದು ಇದೇ. ವಾಣಿ ಅಂದಾಗ ಇಬ್ಬರು ಡಬ್ಲ್ಯು ಹಾಕಿದರು, ಒಬ್ಬರು ವಿ. ಅಂದರೆ ಮೊದಲ ಅಕ್ಷರ ಮಾತ್ರ ಹೇಳಿದರೆ ಸಾಕು, ಉಳಿದಿದ್ದು ತಾನಾಗಿ ಬರುತ್ತದೆ. ಅಷ್ಟು ಮಟ್ಟಿಗೆ ಇದ್ದರೆ ಒಳ್ಳೆಯ ಹೆಸರು ಅಂತ ನಾನು ಅಂದುಕೊಳ್ಳುತ್ತೇನೆ.

ಒಂದು ಎಯೋ ಎರಡು ಎಯೋ

ಭಾವನಿಗೆ Vaani ಅಂತ ಬರೆಸುವ ಆಸೆ ಇತ್ತು. ಮುಂದೆ ಅಮೆರಿಕಕ್ಕೆ ಹೋದರೆ Vani ಅನ್ನೋದನ್ನು ‘ವ್ಯಾನಿ’ ಅಂತ ಓದುತ್ತಾರೆ ಅನ್ನುವ ಚಿಂತೆ. ಚಿಂತೆ ಸರಿಯೇ. ಇಂಗ್ಲಿಷ್ ಓದುವವರಿಗೆ ಒಂದು ಎ ಏನು ಬೇಕಾದರೂ ಆಗಬಹುದು, ಎರಡು ಹಾಕಿದರೆ ದೀರ್ಘ ಅಂತ ಸ್ವಲ್ಪ ಸುಳಿವು ಸಿಗುತ್ತದೆ. ಜರ್ಮನಿಯಲ್ಲಿ ಎರಡೂ ಒಂದೇ ಥರ ಓದಿಸಿಕೊಳ್ಳುತ್ತವೆ, ಆದರೆ ಎರಡು ಎ ಇದ್ದರೆ ಜೀವನಪೂರ್ತಿ "ಎರಡು ಎ" ಅಂತ ಹೇಳುತ್ತಾ ಇರಬೇಕು. ಹತ್ತಿರದ ಐದು ವರ್ಷ ಎಲ್ಲಿ ಇರುತ್ತೀರಿ ಅಂತ ಕೇಳಿದೆ. ಅಲ್ಲೇ ಅಂದರು. ಹಾಗಾದರೆ ಒಂದು ಎ ಸಾಕು ಅಂತ ಆಯಿತು. ನೀವು ಇಂಗ್ಲಿಷ್ ಊರಿನಲ್ಲಿದ್ದರೆ ನಾನು ಎರಡು ಎ ಅಂತಲೇ ಹೇಳುತ್ತಿದ್ದೆ.

ಕಾಗುಣಿತ ಒಂದು ಸಲ ಜನನ ಪತ್ರದಲ್ಲಿ ಕೂತರೆ ಆಮೇಲೆ ಕದಲಿಸೋದು ಕಷ್ಟ. ಭಾರತದ ಪೌರತ್ವಕ್ಕಾಗಿ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಮಗುವಿನ ಜನನ ನೋಂದಾಯಿಸಬೇಕು, ಪಾಸ್‌ಪೋರ್ಟ್ ಮಾಡಿಸಬೇಕು, ಎಲ್ಲದಕ್ಕೂ ಆಧಾರ ಆ ಜನನ ಪತ್ರವೇ.

ಹೆಸರಿಗೆ ಎಷ್ಟು ದಿನ ಸಿಗುತ್ತದೆ ಅನ್ನೋದನ್ನು ಹೆರಿಗೆಗೆ ಮುಂಚೆಯೇ ತಿಳಿದುಕೊಳ್ಳಿ. ಜರ್ಮನಿಯಲ್ಲಿ ಜನನವನ್ನು ಒಂದು ವಾರದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು, ಹೆಸರು ಆಗಲೇ ಹೇಳಲೇಬೇಕು ಅಂತಿಲ್ಲ, ಒಂದು ತಿಂಗಳು ಸಮಯ ಇದೆ. ಇದು ಗೊತ್ತಿಲ್ಲದೆ ಆಸ್ಪತ್ರೆಯಲ್ಲಿ ಫಾರಂ ಕೈಗೆ ಕೊಟ್ಟಾಗ ಗಾಬರಿಯಿಂದ ಏನೋ ಒಂದು ಬರೆದುಕೊಟ್ಟವರನ್ನು ನಾನು ಬಲ್ಲೆ. ತಂಗಿ ಆ ಜಾಗ ಖಾಲಿ ಬಿಟ್ಟಳು. ಭಾರತದಲ್ಲಿ ಹುಟ್ಟಿದ ಮಗುವಾದರೆ ಇನ್ನೂ ನಿಧಾನ ಮಾಡಬಹುದು, ಜನನ 21 ದಿನದೊಳಗೆ ನೋಂದಣಿ ಆದರೆ ಹೆಸರನ್ನು ಒಂದು ವರ್ಷದೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು.

ಹನ್ನೆರಡನೇ ದಿನ ನಾಮಕರಣ ಮಾಡಿದರು. ಅಲ್ಲಿ ದೊಡ್ಡ ತಟ್ಟೆ ಇರಲಿಲ್ಲ, ಓವನ್ನಿನ ಟ್ರೇಗೆ ಬಾಳೆಎಲೆ ಹಾಸಿ ಅಕ್ಕಿ ಹರಡಿದ್ದರು. ಭಾವ ಉಂಗುರ ಹಿಡಿದುಕೊಂಡು ಕೂತ. ವೀಡಿಯೊ ಕಾಲ್‌ನಲ್ಲಿ ಪುರೋಹಿತರು ಒಂದೊಂದಾಗಿ ಹೇಳುತ್ತಾ ಬಂದರು. ನಕ್ಷತ್ರನಾಮದ ಸಾಲಿಗೆ ಬಂದಾಗ ಅತ್ತೆ ತಡೆದು, "ಅಲ್ಲಿ ವರದಾ ಅಂತ ಬರಿ" ಅಂದರು. ಅಕ್ಷರ ಅದೂ ‘ವ’ವೇ. ಬರೆದ. ಅದರ ಕೆಳಗೆ, ವ್ಯಾವಹಾರಿಕ ನಾಮದ ಜಾಗದಲ್ಲಿ, ವಾಣಿ.

ಹದಿನಾರನೇ ದಿನ ನೋಂದಣಿ ಕಚೇರಿಗೆ ಹೋದದ್ದು ನಾಲ್ಕೇ ಅಕ್ಷರ. ಅತ್ತೆ ಮಾತ್ರ ಇವತ್ತಿಗೂ ಫೋನಿನಲ್ಲಿ ಅವಳನ್ನು ‘ವರದೂ’ ಅಂತಲೇ ಕರೆಯೋದು, ಅವಳು ಅದಕ್ಕೂ ತಿರುಗಿ ನೋಡುತ್ತಾಳೆ.